ಈ ತಿಂಗಳ ಸಂಬಳ, ಇಡೀ ಬಾಳಿನ ಲೆಕ್ಕ

ಎರಡನೆಯ ಮಹಾಯುದ್ಧ ಮುಗಿಯುತ್ತ ಬಂದ ಹಾಗೆ ಅಮೆರಿಕದ ಅರ್ಥಶಾಸ್ತ್ರಜ್ಞರಲ್ಲಿ ಹಲವರನ್ನು ಒಂದು ಭಯ ಕಾಡತೊಡಗಿತ್ತು. ಯುದ್ಧಕ್ಕೆಂದು ಸರ್ಕಾರ ಸುರಿಯುತ್ತಿದ್ದ ಹಣ ನಿಂತ ಕೂಡಲೇ ಸರಕು ಕೊಳ್ಳುವವರು ಇಲ್ಲದಂತಾಗಿ, ಕಾರ್ಖಾನೆಗಳು ಮುಚ್ಚಿ, 1930ರ ದಶಕದ ಮಹಾಕುಸಿತ ಮತ್ತೆ ಬಂದು ವಕ್ಕರಿಸುತ್ತದೆ ಎಂಬುದು ಆ ಭಯ. ಅದರ ಬೇರು ಇದ್ದದ್ದು ಜಾನ್ ಮೇನಾರ್ಡ್ ಕೇನ್ಸ್ 1936ರಲ್ಲಿ ಮುಂದಿಟ್ಟಿದ್ದ ಒಂದು ಮಾತಿನಲ್ಲಿ. ಆದಾಯ ಏರಿದರೆ ಜನರ ಖರ್ಚೂ ಏರುತ್ತದೆ, ಆದರೆ ಅಷ್ಟೇ ಏರುವುದಿಲ್ಲ ಎಂದಿದ್ದ ಕೇನ್ಸ್. ಹಾಗಾದರೆ ದೇಶ ಶ್ರೀಮಂತವಾದಷ್ಟೂ ಜನ ಗಳಿಸಿದ್ದರಲ್ಲಿ ಹೆಚ್ಚು ಹೆಚ್ಚು ಪಾಲನ್ನು ಕೂಡಿಡುತ್ತಾರೆ, ಅಂಗಡಿಯಲ್ಲಿ ಸರಕು ಕೊಳೆಯುತ್ತದೆ.

ಯುದ್ಧ ಮುಗಿಯಿತು. ಜನ ಕಾರು, ರೆಫ್ರಿಜರೇಟರ್, ಮನೆ ಎಂದು ಮುಗಿಬಿದ್ದು ಕೊಂಡರು. ಬಂದದ್ದು ಕುಸಿತವಲ್ಲ, ಬೆಲೆಯೇರಿಕೆ.

ಅದೇ ಹೊತ್ತಿಗೆ ಸೈಮನ್ ಕುಜ್ನೆಟ್ಸ್ ಎಂಬ ಲೆಕ್ಕಾಚಾರದ ನಿಪುಣ, 1869ರಿಂದ ಹಿಡಿದು ಅಮೆರಿಕದ ರಾಷ್ಟ್ರೀಯ ಆದಾಯ ಎಷ್ಟಿತ್ತು, ಅದರಲ್ಲಿ ಖರ್ಚಾದದ್ದು ಎಷ್ಟು ಎಂಬುದನ್ನು ಹಳೆಯ ದಾಖಲೆಗಳಿಂದ ಹೆಕ್ಕಿ ಜೋಡಿಸಿದ್ದ. ಏಳು ದಶಕಗಳಲ್ಲಿ ದೇಶದ ಆದಾಯ ಹಲವು ಪಟ್ಟು ಬೆಳೆದಿತ್ತು. ಆದರೆ ನೂರು ಡಾಲರ್ ಆದಾಯದಲ್ಲಿ ಖರ್ಚಾಗುತ್ತಿದ್ದ ಪಾಲು ಮಾತ್ರ, ಮಹಾಕುಸಿತದ ವರ್ಷಗಳನ್ನು ಬಿಟ್ಟರೆ, ಸುಮಾರು 85ರಿಂದ 90ರ ಆಸುಪಾಸಿನಲ್ಲೇ ನಿಂತಿತ್ತು. ಮೊಮ್ಮಕ್ಕಳು ತಾತಂದಿರಿಗಿಂತ ಎಷ್ಟೋ ಸ್ಥಿತಿವಂತರು. ಆದರೂ ಉಳಿಸಿದ ಪಾಲು ತಾತಂದಿರಷ್ಟೇ.

ಇಲ್ಲಿ ಒಂದು ಗಂಟು ಬಿತ್ತು. ಯಾಕೆಂದರೆ ಯಾವುದೇ ಒಂದು ವರ್ಷದ ಕುಟುಂಬ ಸಮೀಕ್ಷೆಯನ್ನು ತೆಗೆದು ನೋಡಿದರೆ ಕೇನ್ಸ್ ಹೇಳಿದ್ದೇ ಸರಿ ಎನ್ನಿಸುತ್ತಿತ್ತು. ಕಡಿಮೆ ಆದಾಯದವರು ಗಳಿಸಿದ್ದಕ್ಕಿಂತ ಹೆಚ್ಚು ಖರ್ಚು ಮಾಡಿರುತ್ತಿದ್ದರು, ಹೆಚ್ಚು ಆದಾಯದವರು ಬೇಕಾದಷ್ಟು ಉಳಿಸಿರುತ್ತಿದ್ದರು. ಒಂದು ವರ್ಷದ ಚಿತ್ರದಲ್ಲಿ ಕಾಣುವ ನಿಯಮ ಎಪ್ಪತ್ತು ವರ್ಷದ ಚಿತ್ರದಲ್ಲಿ ಯಾಕೆ ಕಾಣುವುದಿಲ್ಲ?

ಈ ಗಂಟನ್ನು ಬಿಡಿಸಿದವರೆಂದು ಪಠ್ಯಪುಸ್ತಕಗಳು ಇಬ್ಬರ ಹೆಸರು ಹೇಳುತ್ತವೆ: ಮಿಲ್ಟನ್ ಫ್ರೀಡ್ಮನ್ ಮತ್ತು ಫ್ರಾಂಕೊ ಮೊಡಿಲ್ಯಾನಿ. ಇಬ್ಬರಿಗೂ ನೊಬೆಲ್ ಬಂತು, ಒಬ್ಬನಿಗೆ 1976ರಲ್ಲಿ, ಇನ್ನೊಬ್ಬನಿಗೆ 1985ರಲ್ಲಿ. ಪಠ್ಯಪುಸ್ತಕಗಳು ಅಷ್ಟಾಗಿ ಹೇಳದ ಹೆಸರುಗಳೂ ಇವೆ. ಡೊರೊಥಿ ಬ್ರೇಡಿ, ಮಾರ್ಗರೆಟ್ ರೀಡ್ ಮತ್ತು ಫ್ರೀಡ್ಮನ್‌ನ ಹೆಂಡತಿ ರೋಸ್ ಕುಟುಂಬಗಳ ಖರ್ಚಿನ ಲೆಕ್ಕವನ್ನೇ ವರ್ಷಗಟ್ಟಲೆ ಅರೆದು ನೋಡಿದವರು. ಅದರಲ್ಲೂ ರೀಡ್, ರೈತ ಕುಟುಂಬಗಳ ಆದಾಯವನ್ನು ಹೇಗೆ ಅಳೆಯುತ್ತೇವೆ ಎಂಬುದರ ಮೇಲೆ ಅವರ ಖರ್ಚಿನ ಚಿತ್ರವೇ ಬದಲಾಗುತ್ತದೆ ಎಂದು ತೋರಿಸುವ ಪ್ರಬಂಧವನ್ನು 1952ರಷ್ಟು ಹಿಂದೆಯೇ ಪ್ರಕಟಿಸಿದ್ದಳು. 1957ರಲ್ಲಿ ಬಂದ ತನ್ನ ಪುಸ್ತಕದ ಮುನ್ನುಡಿಯಲ್ಲಿ ಫ್ರೀಡ್ಮನ್, ಬರೆದ ಕೈ ತನ್ನದಾದರೂ ಇದು ಈ ಗುಂಪಿನ ಕೂಡುಕೆಲಸ ಎಂದು ಒಪ್ಪಿಕೊಂಡಿದ್ದಾನೆ. ಪ್ರಶಸ್ತಿ ಹಂಚುವಾಗ ಮುನ್ನುಡಿಗಳನ್ನು ಯಾರೂ ಓದುವುದಿಲ್ಲವೆಂದು ತೋರುತ್ತದೆ.

ಅವರು ಕಂಡುಕೊಂಡದ್ದೇನು ಎಂಬುದಕ್ಕೆ ಮೂರು ರೈತ ಕುಟುಂಬಗಳನ್ನು ಊಹಿಸಿಕೊಂಡರೆ ಸಾಕು. ಮೂವರ ಹೊಲವೂ ಒಂದೇ ಅಳತೆಯದು, ಮಣ್ಣೂ ಒಂದೇ. ಸರಾಸರಿ ನೋಡಿದರೆ ಪ್ರತಿ ಕುಟುಂಬಕ್ಕೂ ವರ್ಷಕ್ಕೆ 10,000 ಡಾಲರ್ ಆದಾಯ, ಅದರಲ್ಲಿ 9,000 ಖರ್ಚು, 1,000 ಉಳಿತಾಯ. ಆದರೆ ಸಮೀಕ್ಷೆಯವರು ಬಂದ ವರ್ಷ ಒಬ್ಬನ ಹೊಲಕ್ಕೆ ಆಲಿಕಲ್ಲು ಬಿದ್ದು ಕೈಗೆ ಬಂದದ್ದು 7,000. ಎರಡನೆಯವನಿಗೆ ಎಂದಿನಂತೆ 10,000. ಮೂರನೆಯವನಿಗೆ ಭರ್ಜರಿ ಬೆಳೆ, 13,000. ಒಂದು ವರ್ಷ ಬೆಳೆ ಹೋಯಿತೆಂದು ಮೊದಲನೆಯವನು ಮಕ್ಕಳನ್ನು ಶಾಲೆ ಬಿಡಿಸುವುದಿಲ್ಲ, ಊಟ ಅರ್ಧ ಮಾಡುವುದಿಲ್ಲ. ಒಂದು ವರ್ಷ ಬೆಳೆ ಬಂತೆಂದು ಮೂರನೆಯವನೂ ಸಾಹುಕಾರನ ಹಾಗೆ ಬದುಕಲು ಹೊರಡುವುದಿಲ್ಲ. ಮೂವರೂ ಖರ್ಚು ಮಾಡಿದ್ದು 9,000. ಸಮೀಕ್ಷೆಯವರ ಪುಸ್ತಕದಲ್ಲಿ ಮಾತ್ರ ಬಡವನೊಬ್ಬ 2,000 ಸಾಲ ಮಾಡಿದ್ದಾನೆ, ಶ್ರೀಮಂತನೊಬ್ಬ 4,000 ಉಳಿಸಿದ್ದಾನೆ. ಮರುವರ್ಷ ಆಲಿಕಲ್ಲು ಇನ್ನೊಬ್ಬನ ಹೊಲಕ್ಕೆ ಬಿದ್ದರೆ ‘ಬಡವ’ ಮತ್ತು ‘ಶ್ರೀಮಂತ’ ಅದಲು ಬದಲು.

ಈಗ ಮೂವತ್ತು ವರ್ಷ ಕಳೆದು ಎಲ್ಲರ ಸರಾಸರಿ ಆದಾಯವೂ 20,000 ಆಯಿತೆನ್ನಿ. ಆಗ ಖರ್ಚು 18,000, ಉಳಿತಾಯ 2,000. ಪಾಲು ಹಿಂದಿನಷ್ಟೇ, ಹತ್ತರಲ್ಲಿ ಒಂದು. ಕುಜ್ನೆಟ್ಸ್ ಕಂಡದ್ದೂ ಸರಿ, ಸಮೀಕ್ಷೆಯವರು ಕಂಡದ್ದೂ ಸರಿ. ಸಮೀಕ್ಷೆ ಅಳೆದ ಆದಾಯದಲ್ಲಿ ಎರಡು ಬೇರೆ ಬೇರೆ ವಸ್ತುಗಳು ಬೆರೆತಿದ್ದವು, ಅಷ್ಟೆ. ಒಂದು, ಮನೆಯವರು ತಮ್ಮದೆಂದು ನಂಬಿ ಬದುಕು ಕಟ್ಟಿಕೊಂಡ ಆದಾಯ. ಫ್ರೀಡ್ಮನ್ ಅದನ್ನು ಶಾಶ್ವತ ಆದಾಯ ಎಂದ. ಇನ್ನೊಂದು, ಬಂದು ಹೋಗುವ ಲಾಭ ನಷ್ಟ, ಅಂದರೆ ತಾತ್ಕಾಲಿಕ ಆದಾಯ. ಖರ್ಚು ನಡೆಯುವುದು ಮೊದಲನೆಯದರ ಹಿಂದೆ. ಈ ವಿಂಗಡಣೆ ಫ್ರೀಡ್ಮನ್‌ಗೆ ಹೊಸದೇನೂ ಅಲ್ಲ. ಕುಜ್ನೆಟ್ಸ್ ಜೊತೆ ಸೇರಿ ವೈದ್ಯರು, ದಂತವೈದ್ಯರು, ವಕೀಲರ ಗಳಿಕೆಯ ಮೇಲೆ 1945ರಲ್ಲಿ ತಂದ ಪುಸ್ತಕದಲ್ಲೇ ಅವನು ಒಬ್ಬೊಬ್ಬರ ಆದಾಯ ವರ್ಷದಿಂದ ವರ್ಷಕ್ಕೆ ಹೇಗೆ ಹೊಯ್ದಾಡುತ್ತದೆ ಎಂದು ಹೀಗೆ ಬಿಡಿಸಿ ನೋಡಿದ್ದ.

ಈ ಮಾತು ನಿಜವಾದರೆ ಇನ್ನೊಂದೂ ನಿಜವಾಗಬೇಕು. ಆದಾಯ ಹೆಚ್ಚು ಹೊಯ್ದಾಡುವ ಕಸುಬಿನವರಲ್ಲಿ, ಒಂದು ವರ್ಷದ ಆದಾಯಕ್ಕೂ ಆ ವರ್ಷದ ಖರ್ಚಿಗೂ ನಂಟು ಸಡಿಲವಾಗಿರಬೇಕು. ಫ್ರೀಡ್ಮನ್ ಅಂಕಿಗಳಲ್ಲಿ ಹುಡುಕಿದ; ರೈತರ, ಸ್ವಂತ ವ್ಯವಹಾರದವರ ಲೆಕ್ಕದಲ್ಲಿ ಹಾಗೆಯೇ ಇತ್ತು. ತಿಂಗಳ ಸಂಬಳದವರಲ್ಲಿ ನಂಟು ಬಿಗಿಯಾಗಿತ್ತು, ಯಾಕೆಂದರೆ ಅವರ ಈ ವರ್ಷದ ಸಂಬಳ ಬರುವ ವರ್ಷದ ಸಂಬಳಕ್ಕೆ ಒಳ್ಳೆಯ ಸುಳಿವು.

ಭಾರತದ ಸರ್ಕಾರಿ ನೌಕರರ ಮನೆಗಳಲ್ಲಿ ಈ ಎರಡು ಬಗೆಯ ಆದಾಯ ಒಂದೇ ಆದೇಶದಲ್ಲಿ ಬಂದಿಳಿದದ್ದುಂಟು. ಕೇಂದ್ರದ ಆರನೆಯ ವೇತನ ಆಯೋಗದ ಸಂಬಳ 2008ರಲ್ಲಿ ಜಾರಿಯಾದರೂ ಅನ್ವಯವಾದದ್ದು 2006ರ ಜನವರಿಯಿಂದ. ಹೀಗಾಗಿ ಪ್ರತಿ ತಿಂಗಳ ಸಂಬಳ ಏರಿದ್ದಲ್ಲದೆ ಹಿಂದಿನ ಬಾಕಿ, ಎಲ್ಲರೂ ಅರಿಯರ್ಸ್ ಎನ್ನುವ ದುಡ್ಡು, 40 ಪರ್ಸೆಂಟ್ ಒಂದು ಆರ್ಥಿಕ ವರ್ಷ, 60 ಪರ್ಸೆಂಟ್ ಮರುವರ್ಷ ಎಂದು ಎರಡು ಕಂತಿನಲ್ಲಿ ಕೈಸೇರಿತು. ಏರಿದ ಸಂಬಳ ಶಾಶ್ವತ, ಅರಿಯರ್ಸ್ ತಾತ್ಕಾಲಿಕ. ಸಿದ್ಧಾಂತದ ಪ್ರಕಾರ ಮೊದಲನೆಯದು ದಿನದ ಖರ್ಚನ್ನು ಏರಿಸಬೇಕು, ಎರಡನೆಯದು ಹೆಚ್ಚಾಗಿ ಉಳಿಯಬೇಕು. ಅರಿಯರ್ಸ್ ಬಂದವರು ಬೈಕು, ಚಿನ್ನ, ಸೈಟು ಕೊಳ್ಳುತ್ತಾರಲ್ಲ, ಅದೂ ಖರ್ಚೇ ತಾನೇ ಎಂದು ಕೇಳಬಹುದು. ಫ್ರೀಡ್ಮನ್ ಇಲ್ಲಿ ಜಾಣ. ಹತ್ತು ವರ್ಷ ಓಡುವ ಬೈಕನ್ನು ಕೊಂಡ ದಿನವೇ ಅನುಭೋಗಿಸಿ ಮುಗಿಸುವುದಿಲ್ಲ. ವರ್ಷಕ್ಕೆ ಹತ್ತನೆಯ ಒಂದು ಪಾಲು ಮಾತ್ರ ಸವೆಯುತ್ತದೆ. ಉಳಿದದ್ದು ಉಳಿತಾಯವೇ, ಬ್ಯಾಂಕಿನ ಬದಲು ಮನೆ ಮುಂದೆ ನಿಂತಿದೆ ಅಷ್ಟೆ. ಸಿದ್ಧಾಂತ ಮಾತಾಡುವುದು ಬಾಳುವ ಮಟ್ಟದ ಬಗ್ಗೆ, ಅಂಗಡಿಯ ಬಿಲ್ಲಿನ ಬಗ್ಗೆ ಅಲ್ಲ.

ಫ್ರೀಡ್ಮನ್‌ನ ‘ಶಾಶ್ವತ’ ಎಂಬ ಪದ ಸ್ವಲ್ಪ ದಾರಿ ತಪ್ಪಿಸುತ್ತದೆ. ಅವನು ಅಂಕಿಗಳಿಂದ ಲೆಕ್ಕ ಹಾಕಿದಾಗ ಜನ ಮುಂದಾಲೋಚಿಸುವ ಅವಧಿ ಸುಮಾರು ಮೂರು ವರ್ಷ ಎಂದು ಹೊರಟಿತು. ಇಡೀ ಜೀವಮಾನವನ್ನು ಒಂದೇ ಲೆಕ್ಕಕ್ಕೆ ತಂದವನು ಮೊಡಿಲ್ಯಾನಿ.

ರೋಮಿನ ಯಹೂದಿ ಕುಟುಂಬದ ಮೊಡಿಲ್ಯಾನಿ ಫ್ಯಾಸಿಸ್ಟರಿಂದ ತಪ್ಪಿಸಿಕೊಂಡು 1939ರಲ್ಲಿ ನ್ಯೂಯಾರ್ಕಿಗೆ ಬಂದಿಳಿದವನು. ಜೀವನ ಚಕ್ರ ಸಿದ್ಧಾಂತದ ಮೊದಲ ಪ್ರಬಂಧವನ್ನು ರಿಚರ್ಡ್ ಬ್ರಮ್‌ಬರ್ಗ್ ಎಂಬ ತರುಣನ ಜೊತೆ ಬರೆದ. ಅದು ಬೆಳಕು ಕಂಡ 1954ರಲ್ಲೇ ಬ್ರಮ್‌ಬರ್ಗ್ ತೀರಿಕೊಂಡ. ಇಬ್ಬರೂ ಸೇರಿ ಸಿದ್ಧಪಡಿಸಿದ್ದ ಎರಡನೆಯ ಪ್ರಬಂಧವನ್ನು ತಿದ್ದಿ ಅಚ್ಚಿಗೆ ಕೊಡುವ ಮನಸ್ಸು ಮೊಡಿಲ್ಯಾನಿಗೆ ಬರಲಿಲ್ಲ. ಅದು ಅಚ್ಚಾದದ್ದು 1980ರಲ್ಲಿ.

ಅವರ ಲೆಕ್ಕವನ್ನು ಒಂದು ವೃತ್ತಿಜೀವನದ ಮೇಲೆ ಹೂಡಿ ನೋಡಬಹುದು. 25ನೆಯ ವಯಸ್ಸಿಗೆ ಕೆಲಸಕ್ಕೆ ಸೇರಿ, 60ಕ್ಕೆ ನಿವೃತ್ತಳಾಗಿ, 75ರವರೆಗೆ ಬದುಕುವ ಒಬ್ಬಳಿದ್ದಾಳೆ ಎಂದುಕೊಳ್ಳಿ. ಬಡ್ಡಿ, ಬೆಲೆಯೇರಿಕೆ ಸದ್ಯಕ್ಕೆ ಬೇಡ. ಮೊದಲ ಹತ್ತು ವರ್ಷ ಸಂಬಳ ವರ್ಷಕ್ಕೆ 4 ಲಕ್ಷ ರೂಪಾಯಿ. 35ರಿಂದ 45ರವರೆಗೆ 7 ಲಕ್ಷ. ಕೊನೆಯ ಹದಿನೈದು ವರ್ಷ 10 ಲಕ್ಷ. ಆಮೇಲೆ ಪಿಂಚಣಿ ಇಲ್ಲ, ಸೊನ್ನೆ. ಕೂಡಿದರೆ ಜೀವಮಾನದ ಗಳಿಕೆ 260 ಲಕ್ಷ. ಅದನ್ನು ಐವತ್ತು ವರ್ಷಕ್ಕೆ ಸಮನಾಗಿ ಹಂಚಿದರೆ ವರ್ಷಕ್ಕೆ 5 ಲಕ್ಷ 20 ಸಾವಿರ.

ಆಕೆಗೆ ಎಲ್ಲ ವಯಸ್ಸಿನಲ್ಲೂ ಒಂದೇ ಮಟ್ಟದಲ್ಲಿ ಬದುಕುವ ಆಸೆ. ಹಾಗಾದರೆ ಮೊದಲ ಹತ್ತು ವರ್ಷ ಪ್ರತಿ ವರ್ಷ 1 ಲಕ್ಷ 20 ಸಾವಿರ ಸಾಲ ಮಾಡಬೇಕು. 35ರ ಹೊತ್ತಿಗೆ 12 ಲಕ್ಷ ಸಾಲ ತಲೆಯ ಮೇಲಿರುತ್ತದೆ. ಮುಂದಿನ ಹತ್ತು ವರ್ಷ 1 ಲಕ್ಷ 80 ಸಾವಿರದಂತೆ ಉಳಿಸಿ ಸಾಲ ತೀರಿಸಿದರೆ 45ಕ್ಕೆ ಕೈಯಲ್ಲಿ 6 ಲಕ್ಷ. ಅಲ್ಲಿಂದ ವರ್ಷಕ್ಕೆ 4 ಲಕ್ಷ 80 ಸಾವಿರ ಉಳಿಯುತ್ತದೆ, ನಿವೃತ್ತಿಯ ದಿನ ಗಂಟು 78 ಲಕ್ಷಕ್ಕೆ ಬೆಳೆದಿರುತ್ತದೆ. ಹದಿನೈದು ವರ್ಷ ಅದನ್ನೇ ತಿಂದರೆ 75ಕ್ಕೆ ಸರಿಯಾಗಿ ಖಾಲಿ. ಸಂಬಳದ ಗೆರೆ ಮೆಟ್ಟಿಲು ಹತ್ತಿ ಕೊನೆಗೆ ಪ್ರಪಾತಕ್ಕೆ ಬೀಳುತ್ತದೆ, ಖರ್ಚಿನ ಗೆರೆ ನೆಟ್ಟಗೆ ಮಲಗಿರುತ್ತದೆ. ಇವೆರಡರ ನಡುವಿನ ಅಂತರವೇ ಸಾಲ ಮತ್ತು ಉಳಿತಾಯ.

ಈ ಚೌಕಟ್ಟಿನಲ್ಲಿ ಸಂಬಳ ಏರಿಕೆಯ ಬೆಲೆಯೂ ವಯಸ್ಸಿನ ಮೇಲೆ ನಿಂತಿದೆ. ನಿರೀಕ್ಷೆಯೇ ಇರದ, ತಿಂಗಳಿಗೆ 1,000 ರೂಪಾಯಿಯ ಏರಿಕೆ 35ರಲ್ಲಿ ಬಂದರೆ, ಇನ್ನೂ 25 ವರ್ಷ ಬರುವ ಆ ಹಣವನ್ನು ಮುಂದಿನ 40 ವರ್ಷಕ್ಕೆ ಹಂಚಬೇಕು. ತಿಂಗಳಿಗೆ 625 ಖರ್ಚು ಮಾಡಬಹುದು. ಅದೇ ಏರಿಕೆ 55ರಲ್ಲಿ ಬಂದರೆ ಐದು ವರ್ಷದ ಹಣ 20 ವರ್ಷಕ್ಕೆ ಹಂಚಿಹೋಗಿ 250 ಮಾತ್ರ. ಇನ್ನು 35ರಲ್ಲಿ ಒಂದೇ ಒಂದು ಸಲ 40,000 ಬೋನಸ್ ಬಂತೆನ್ನಿ. ಅದರಿಂದ ಖರ್ಚು ಏರಬೇಕಾದ್ದು ವರ್ಷಕ್ಕೆ 1,000. ಬೋನಸ್ ಬಂದ ವಾರ ಸಿನಿಮಾ, ಹೋಟೆಲು ಎಂದು ಓಡಾಡಿದವರಿಗೆ ಈ ಲೆಕ್ಕ ರುಚಿಸಲಿಕ್ಕಿಲ್ಲ.

ಮೊಡಿಲ್ಯಾನಿ ಇದರಿಂದ ತೆಗೆದ ಒಂದು ತೀರ್ಮಾನ ಮಾತ್ರ ಇಂದಿಗೂ ಓದುಗರನ್ನು ತಬ್ಬಿಬ್ಬು ಮಾಡುವಂಥದ್ದು. ಎಲ್ಲರೂ 40 ವರ್ಷ ದುಡಿದು 10 ವರ್ಷ ವಿಶ್ರಾಂತಿಯಲ್ಲಿರುವ, ಜನಸಂಖ್ಯೆಯೂ ಸಂಬಳವೂ ಬೆಳೆಯದ ಒಂದು ದೇಶವಿದೆ ಎಂದುಕೊಳ್ಳೋಣ. ಪ್ರತಿ ದುಡಿಮೆಗಾರ ಗಳಿಸಿದ ನೂರರಲ್ಲಿ 20 ಉಳಿಸುತ್ತಾನೆ. ಎಲ್ಲರೂ ಜಾಗರೂಕರು, ಯಾರೂ ದುಂದುಗಾರರಲ್ಲ. ಆದರೆ ದೇಶದ ಒಟ್ಟು ಉಳಿತಾಯ ಎಷ್ಟು? 40 ದುಡಿಮೆಗಾರರು ತಲಾ 20ರಂತೆ 800 ಉಳಿಸುತ್ತಾರೆ. 10 ನಿವೃತ್ತರು ತಲಾ 80ರಂತೆ 800 ಹಳೆಯ ಗಂಟಿನಿಂದ ತೆಗೆದು ತಿನ್ನುತ್ತಾರೆ. ಒಟ್ಟು ಸೊನ್ನೆ. ಇಂಥ ದೇಶ ಬಡದಾದರೂ ಶ್ರೀಮಂತವಾದರೂ ಉತ್ತರ ಸೊನ್ನೆಯೇ. ದೇಶ ಬೆಳೆಯತೊಡಗಿದಾಗ ಮಾತ್ರ ಲೆಕ್ಕ ಬದಲಾಗುತ್ತದೆ: ಇಂದಿನ ದುಡಿಮೆಗಾರರು ಇಂದಿನ ಮುದುಕರಿಗಿಂತ ಹೆಚ್ಚು ಮಂದಿ ಇದ್ದರೆ, ಇಲ್ಲವೆ ಅವರು ತಮ್ಮ ಕಾಲದಲ್ಲಿ ಗಳಿಸಿದ್ದಕ್ಕಿಂತ ಹೆಚ್ಚು ಗಳಿಸುತ್ತಿದ್ದರೆ, ಕೂಡಿಡುವ ಹಣ ತೆಗೆಯುವ ಹಣವನ್ನು ಮೀರುತ್ತದೆ. ದೇಶದ ಉಳಿತಾಯದ ಪಾಲನ್ನು ತೀರ್ಮಾನಿಸುವುದು ಅದು ಎಷ್ಟು ಶ್ರೀಮಂತ ಎಂಬುದಲ್ಲ, ಎಷ್ಟು ವೇಗವಾಗಿ ಬೆಳೆಯುತ್ತಿದೆ ಎಂಬುದು. ಯಾವುದಾದರೂ ದೇಶ ಹೆಚ್ಚು ಉಳಿಸಿದರೆ ಅಲ್ಲಿಯವರ ಸಂಸ್ಕೃತಿಯೇ ಹಾಗೆ, ಮಿತವ್ಯಯ ಅವರ ರಕ್ತದಲ್ಲೇ ಇದೆ ಎನ್ನುವವರಿಗೆ ಇದು ಒಳ್ಳೆಯ ಉತ್ತರ.

ಇಷ್ಟೆಲ್ಲ ಕಾಗದದ ಮೇಲೆ ಸೊಗಸಾಗಿದೆ. ಮನುಷ್ಯರು ಹೀಗೆ ನಡೆದುಕೊಳ್ಳುತ್ತಾರೆಯೇ?

ಪರೀಕ್ಷೆ ಮಾಡುವ ದಾರಿಯನ್ನು ಹರಿತಗೊಳಿಸಿದವನು ರಾಬರ್ಟ್ ಹಾಲ್. ಮುಂದೆ ಬರುವುದನ್ನೆಲ್ಲ ಜನ ಈಗಲೇ ಲೆಕ್ಕಕ್ಕೆ ಹಿಡಿದಿದ್ದರೆ, ಮೊದಲೇ ಗೊತ್ತಿದ್ದ ಸಂಬಳ ಏರಿಕೆ ಕೈಸೇರಿದ ತಿಂಗಳು ಅವರ ಖರ್ಚು ಜಿಗಿಯಬಾರದು. ಜಿಗಿಯುವುದಿದ್ದರೆ ಸುದ್ದಿ ತಿಳಿದ ದಿನವೇ ಜಿಗಿದಿರಬೇಕು ಎಂದು ಅವನು 1978ರಲ್ಲಿ ವಾದಿಸಿದ. ಖರ್ಚನ್ನು ಬದಲಿಸುವುದು ಹಣವಲ್ಲ, ಅನಿರೀಕ್ಷಿತ ಸುದ್ದಿ. ಅಂದಿನಿಂದ ಸಂಶೋಧಕರು, ಮೊದಲೇ ಗೊತ್ತಿದ್ದೂ ತಡವಾಗಿ ಬರುವ ಹಣ ಎಲ್ಲೆಲ್ಲಿದೆ ಎಂದು ಹುಡುಕುತ್ತ ಹೊರಟರು.

ಸ್ಪೇನಿನಲ್ಲಿ ಅಂಥ ಹಣ ಸಿಕ್ಕಿತು. ಅಲ್ಲಿ ಹಲವು ನೌಕರರಿಗೆ ಬೇಸಿಗೆಯಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ ಹೆಚ್ಚುವರಿ ಸಂಬಳ ಸಿಗುತ್ತದೆ, ಇನ್ನು ಕೆಲವರಿಗೆ ಅದಿಲ್ಲ. ಮಾರ್ಟಿನ್ ಬ್ರೌನಿಂಗ್ ಮತ್ತು ಡೊಲೊರೆಸ್ ಕೊಲ್ಲಾಡೊ ಎರಡೂ ಗುಂಪಿನ ಮನೆಗಳ ಖರ್ಚನ್ನು ಹೋಲಿಸಿ 2001ರಲ್ಲಿ ವರದಿ ಮಾಡಿದರು. ಡಿಸೆಂಬರಿನಲ್ಲಿ ಎಲ್ಲರ ಖರ್ಚೂ ಏರುತ್ತಿತ್ತು, ಕ್ರಿಸ್ಮಸ್ ಅಲ್ಲವೇ. ಆದರೆ ಹೆಚ್ಚುವರಿ ಸಂಬಳ ಬರುವ ಮನೆಗೂ ಬಾರದ ಮನೆಗೂ ಖರ್ಚಿನ ಏರಿಳಿತದಲ್ಲಿ ವ್ಯತ್ಯಾಸವೇ ಇರಲಿಲ್ಲ. ಸಿದ್ಧಾಂತ ಗೆದ್ದಿತು.

ಅದೇ 2001ರಲ್ಲಿ ಅಮೆರಿಕ ಸರ್ಕಾರ ತೆರಿಗೆದಾರರಿಗೆ 300, 600 ಡಾಲರುಗಳ ಚೆಕ್ ಕಳಿಸಿತು. ಯಾರಿಗೆ ಯಾವ ವಾರ ಚೆಕ್ ಎಂಬುದು ಅವರ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಕೊನೆಯ ಅಂಕಿಗಳ ಮೇಲೆ ನಿಂತಿತ್ತು, ಅಂದರೆ ಬರೀ ಅದೃಷ್ಟ. ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕೇ? ಡೇವಿಡ್ ಜಾನ್ಸನ್, ಜೊನಾಥನ್ ಪಾರ್ಕರ್, ನಿಕೊಲಸ್ ಸುಲೆಲಸ್ ಲೆಕ್ಕ ಹಾಕಿದಾಗ ಚೆಕ್ ಕೈಸೇರಿದ ಮೂರು ತಿಂಗಳಲ್ಲೇ ಅದರ 20ರಿಂದ 40 ಪರ್ಸೆಂಟ್ ಬೇಗ ಮುಗಿದುಹೋಗುವ ಸರಕು, ಸೇವೆಗಳ ಮೇಲೆ ಖರ್ಚಾಗಿತ್ತು. ಮೊದಲೇ ಗೊತ್ತಿದ್ದ, ಒಂದೇ ಸಲ ಬರುವ ಹಣಕ್ಕೆ ಇದು ಸಿದ್ಧಾಂತ ಒಪ್ಪುವುದಕ್ಕಿಂತ ಎಷ್ಟೋ ಹೆಚ್ಚು. ಹೀಗೆ ಖರ್ಚು ಮಾಡಿದವರಲ್ಲಿ ಎದ್ದು ಕಂಡವರು ಕಡಿಮೆ ಆದಾಯದವರು ಮತ್ತು ಬ್ಯಾಂಕಿನಲ್ಲಿ ಕೈಗೆ ಸಿಗುವ ಹಣ ಹೆಚ್ಚಿಲ್ಲದವರು. ಸಿದ್ಧಾಂತ ಎಲ್ಲಿ ಮುರಿಯುತ್ತದೆ ಎಂಬ ಸುಳಿವು ಇಲ್ಲಿದೆ.

ಮತ್ತೆ ಆ 25ರ ಹೆಣ್ಣುಮಗಳ ಲೆಕ್ಕಕ್ಕೆ ಬರೋಣ. ವರ್ಷಕ್ಕೆ 1 ಲಕ್ಷ 20 ಸಾವಿರದಂತೆ ಹತ್ತು ವರ್ಷ ಸಾಲ ಮಾಡಿ ತರಕಾರಿ, ಬಟ್ಟೆ, ಬಾಡಿಗೆಗೆ ಬಳಸುತ್ತೇನೆ, ಮುಂದೆ ಸಂಬಳ ಏರುತ್ತದೆ, ಆಗ ತೀರಿಸುತ್ತೇನೆ ಎಂದು ಆಕೆ ಹೋದರೆ ಯಾವ ಬ್ಯಾಂಕ್ ಮ್ಯಾನೇಜರ್ ಒಪ್ಪಿಯಾನು? ಮುಂದಿನ ಸಂಬಳವನ್ನು ಅಡವಿಡಲು ಬರುವುದಿಲ್ಲ. ಒಪ್ಪುವವರು ಕ್ರೆಡಿಟ್ ಕಾರ್ಡಿನವರು, ಆ ಬಡ್ಡಿಗೆ ಈ ಲೆಕ್ಕವೇ ತಲೆಕೆಳಗು. ಹಾಗಾಗಿ ಆಕೆ ಮೊದಲ ಹತ್ತು ವರ್ಷ ಬಂದ 4 ಲಕ್ಷದಲ್ಲೇ ಬದುಕುತ್ತಾಳೆ. 35ರ ನಂತರ ಉಳಿದ ಗಳಿಕೆ 220 ಲಕ್ಷ, ಉಳಿದ ಆಯುಸ್ಸು 40 ವರ್ಷ. ಅಲ್ಲಿಂದ ವರ್ಷಕ್ಕೆ ಐದೂವರೆ ಲಕ್ಷ. ಅಂದರೆ ಖರ್ಚಿನ ಗೆರೆ ಒಂದು ಮೆಟ್ಟಿಲು ಹತ್ತಿ ಆಮೇಲೆ ಮಲಗುತ್ತದೆ. ಸಂಬಳ ನಾಲ್ಕರಿಂದ ಹತ್ತಕ್ಕೆ ಹೋದರೆ ಖರ್ಚು ನಾಲ್ಕರಿಂದ ಐದೂವರೆಗೆ. ಪೂರ್ತಿ ಸಮವಲ್ಲ, ಆದರೂ ಆದಾಯಕ್ಕಿಂತ ಎಷ್ಟೋ ಸಮ.

ಅಡವಿಡಲು ಬರುವ ವಸ್ತುವಿದ್ದರೆ ಮಾತು ಬೇರೆ. ಮೂವತ್ತರ ಜೋಡಿಯೊಂದು ಇಪ್ಪತ್ತು ವರ್ಷದ ಇಎಂಐಗೆ ಸಹಿ ಹಾಕಿ ಮನೆ ಕೊಳ್ಳುವಾಗ ಮೊಡಿಲ್ಯಾನಿ ಹೇಳಿದ್ದನ್ನೇ ಮಾಡುತ್ತದೆ: ಐವತ್ತರ ಸಂಬಳದಿಂದ ಮೂವತ್ತರ ವಯಸ್ಸಿನಲ್ಲಿ ಸೂರು ಪಡೆಯುತ್ತದೆ. ಮನೆ ಕಣ್ಣಿಗೆ ಕಾಣುವ ಆಸ್ತಿಯಾದ್ದರಿಂದ ಬ್ಯಾಂಕು ಒಪ್ಪುತ್ತದೆ. ತರಕಾರಿಗೆ ಆ ಭಾಗ್ಯವಿಲ್ಲ.

ಅಮೆರಿಕದ ಅಂಕಿಗಳೂ ಇದನ್ನೇ ಹೇಳಿದವು. ಕ್ರಿಸ್ಟೊಫರ್ ಕ್ಯಾರೊಲ್ ಮತ್ತು ಲಾರೆನ್ಸ್ ಸಮ್ಮರ್ಸ್ 1991ರಲ್ಲಿ ಬೇರೆ ಬೇರೆ ಕಸುಬಿನವರ ಆದಾಯ, ಖರ್ಚುಗಳನ್ನು ವಯಸ್ಸಿನ ಉದ್ದಕ್ಕೂ ಎಳೆದು ನೋಡಿದರು. ಸಂಬಳ ಬೇಗ ಬೇಗ ಏರುವ ಕಸುಬಿನಲ್ಲಿ ಖರ್ಚೂ ಬೇಗ ಏರುತ್ತಿತ್ತು, ನಿಧಾನಕ್ಕೆ ಏರುವಲ್ಲಿ ನಿಧಾನಕ್ಕೆ. ನಡುವಯಸ್ಸಿನಲ್ಲಿ ಎರಡೂ ಗುಡ್ಡದಂತೆ ಏರಿ ಆಮೇಲೆ ಇಳಿಯುತ್ತಿದ್ದವು. ಮನೆಯಲ್ಲಿ ಮಕ್ಕಳು ಬೆಳೆದು ಕಾಲೇಜಿಗೆ ಹೋಗುವ ವಯಸ್ಸೂ ಅದೇ ಆದ್ದರಿಂದ ಗುಡ್ಡದ ಒಂದು ಪಾಲು ಮಕ್ಕಳದು. ಉಳಿದದ್ದಕ್ಕೆ ಕ್ಯಾರೊಲ್ ಕೊಟ್ಟ ವಿವರಣೆ ಸರಳ: ಮುಂದಿನ ಸಂಬಳ ಕಾಗದದಲ್ಲಿ ಬರೆದಷ್ಟು ಖಚಿತವಲ್ಲ. ಕೆಲಸ ಹೋಗಬಹುದು, ಕಾಯಿಲೆ ಬರಬಹುದು. ಹಾಗಾಗಿ ಎಳೆಯ ವಯಸ್ಸಿನವರು ಸಾಲ ಸಿಕ್ಕರೂ ಹೆದರುತ್ತಾರೆ, ಆಪತ್ತಿಗೆಂದು ಒಂದು ಸಣ್ಣ ಗಂಟು ಇಟ್ಟುಕೊಂಡು ಉಳಿದದ್ದನ್ನು ಖರ್ಚು ಮಾಡುತ್ತಾರೆ. ಪಿಯೆರ್ ಒಲಿವಿಯೆ ಗುರಿಂಷಾ ಮತ್ತು ಪಾರ್ಕರ್ 2002ರಲ್ಲಿ ಲೆಕ್ಕ ಹಾಕಿದಂತೆ, ಸುಮಾರು ನಲವತ್ತರ ತನಕ ಜನ ಹೀಗೆ ಬದುಕಿ, ಆಮೇಲಷ್ಟೇ ನಿವೃತ್ತಿಗೆಂದು ಗಂಭೀರವಾಗಿ ಕೂಡಿಡತೊಡಗುತ್ತಾರೆ. ಹಾಗಾಗಿ ಸಿದ್ಧಾಂತ ಎರಡು ಹೋಳು: ನಲವತ್ತರವರೆಗೆ ಕ್ಯಾರೊಲ್‌ನ ಆಪತ್ತಿನ ಗಂಟು, ಅನಂತರ ಮೊಡಿಲ್ಯಾನಿಯ ನಿವೃತ್ತಿಯ ಗಂಟು.

ಬ್ಯಾಂಕೇ ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆ 1975ರಿಂದ ದಖನಿನ ಕೆಲವು ಒಣಭೂಮಿಯ ಹಳ್ಳಿಗಳಲ್ಲಿ ಮನೆಮನೆಯ ಆದಾಯ, ಖರ್ಚುಗಳನ್ನು ವರ್ಷಗಟ್ಟಲೆ ಬರೆದಿಟ್ಟಿತು. ಮೆಹಬೂಬ್‌ನಗರದ ಔರೆಪಲ್ಲೆ, ಅಕೋಲಾದ ಕಾಂಝರಾ, ವಿಜಯಪುರ ಮತ್ತು ಕಲಬುರಗಿಗೆ ಅಂಟಿಕೊಂಡ ಸೊಲ್ಲಾಪುರ ಜಿಲ್ಲೆಯ ಶಿರಾಪುರ ಅವುಗಳಲ್ಲಿ ಸೇರಿದ್ದವು. ಮಳೆ ನಂಬಿದ ಬೆಳೆ, ಆದಾಯದ ಏರಿಳಿತ ವಿಪರೀತ. ಆದರೂ 1994ರಲ್ಲಿ ರಾಬರ್ಟ್ ಟೌನ್‌ಸೆಂಡ್ ಆ ಅಂಕಿಗಳನ್ನು ಬಿಡಿಸಿದಾಗ ಒಂದು ಮನೆಯ ಖರ್ಚು ಆ ಮನೆಯ ಆದಾಯಕ್ಕಿಂತ ಇಡೀ ಊರಿನ ಸರಾಸರಿ ಖರ್ಚಿನೊಂದಿಗೆ ಏರಿಳಿಯುತ್ತಿತ್ತು. ಕೈಸಾಲ, ನೆಂಟರ ನೆರವು, ಕೊಡುಕೊಳ್ಳುವಿಕೆ ಬ್ಯಾಂಕಿನ ಕೆಲಸ ಮಾಡುತ್ತಿದ್ದವು. ಒಂದು ಹಳ್ಳಿಯಲ್ಲಿ ಭೂಮಿಯಿಲ್ಲದವರಿಗೆ ಈ ಆಸರೆ ಇತರರಷ್ಟು ಸಿಗುತ್ತಿರಲಿಲ್ಲ ಎಂಬುದನ್ನೂ ಅವನು ಗುರುತಿಸಿದ.

ಇದೇ ಹಳ್ಳಿಗಳ ಅಂಕಿಗಳಿಂದ ಮಾರ್ಕ್ ರೋಸೆನ್‌ಝ್ವೈಗ್ ಮತ್ತು ಓಡೆಡ್ ಸ್ಟಾರ್ಕ್ ಮತ್ತೂ ಒಂದು ಸಂಗತಿ ತೆಗೆದರು. ಹೆಣ್ಣುಮಕ್ಕಳನ್ನು ದೂರದ ಊರುಗಳಿಗೆ ಕೊಟ್ಟು ಬೀಗತನ ಬೆಳೆಸಿದ ಮನೆಗಳಲ್ಲಿ ಊಟದ ಖರ್ಚು ಹೆಚ್ಚು ಸಮವಾಗಿತ್ತು. ಇಲ್ಲಿ ಮಳೆ ಕೈಕೊಟ್ಟ ವರ್ಷ ಅಲ್ಲಿಯೂ ಕೈಕೊಟ್ಟಿರಬೇಕೆಂದಿಲ್ಲವಲ್ಲ. ಆದರೆ ಈ ದಾರಿಗಳು ಪುಕ್ಕಟೆಯಲ್ಲ. ಬರ ಬಂದಾಗ ರೈತ ಎತ್ತು ಮಾರಿ ಅಂದಿನ ಊಟ ಉಳಿಸಿಕೊಳ್ಳುತ್ತಾನೆ, ಮುಂದಿನ ಮಳೆಗೆ ಉಳಲು ಎತ್ತಿಲ್ಲದೆ ನಿಲ್ಲುತ್ತಾನೆ. ರೋಸೆನ್‌ಝ್ವೈಗ್ ಮತ್ತು ಕೆನೆತ್ ವೋಲ್ಪಿನ್ 1993ರಲ್ಲಿ ತೋರಿಸಿದ್ದು ಇದನ್ನೇ. ಖರ್ಚಿನ ಗೆರೆ ನೆಟ್ಟಗಿದೆ ಎಂದ ಮಾತ್ರಕ್ಕೆ ಮನೆಯವರು ಸುಖವಾಗಿದ್ದಾರೆ ಎಂದಲ್ಲ. ಅದನ್ನು ನೆಟ್ಟಗಿಡಲು ಏನು ಮಾರಿದರು ಎಂದು ಕೇಳಬೇಕು.

ವೃತ್ತಿಜೀವನದ ದೊಡ್ಡ ಪರೀಕ್ಷೆ ಅದರ ಕೊನೆಯ ದಿನ. ನಿವೃತ್ತಿಯ ದಿನಾಂಕ ಬಹುತೇಕರಿಗೆ ವರ್ಷಗಳ ಮೊದಲೇ ಗೊತ್ತಿರುತ್ತದೆ, ಹಾಗಾಗಿ ಅಂದು ಆದಾಯ ಬಿದ್ದರೂ ಖರ್ಚು ಬೀಳಬಾರದು. ಆದರೆ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ನಿವೃತ್ತರ ಖರ್ಚು ಬೀಳುತ್ತದೆ, ಊಟದ ಖರ್ಚು ಕೂಡ. ಜನರಿಗೆ ಮುಂದಾಲೋಚನೆ ಇಲ್ಲ, ಸಿದ್ಧಾಂತ ಸುಳ್ಳು ಎಂದು ಹಲವರು ಬರೆದರು. 2005ರಲ್ಲಿ ಮಾರ್ಕ್ ಅಗಿಯಾರ್ ಮತ್ತು ಎರಿಕ್ ಹರ್ಸ್ಟ್ ಬೇರೊಂದು ಕಡೆ ನೋಡಿದರು. ಅಮೆರಿಕದ ಕೃಷಿ ಇಲಾಖೆಯ ಸಮೀಕ್ಷೆಯೊಂದರಲ್ಲಿ ಜನ ಊಟಕ್ಕೆ ಎಷ್ಟು ಕೊಟ್ಟರು ಎಂಬುದಷ್ಟೇ ಅಲ್ಲ, ಏನು ತಿಂದರು ಎಂಬುದೂ ದಾಖಲಾಗಿತ್ತು. ನಿವೃತ್ತರ ಬಿಲ್ಲು ಇಳಿದಿತ್ತು. ತಟ್ಟೆಯಲ್ಲಿದ್ದ ಕ್ಯಾಲೊರಿ, ವಿಟಮಿನ್, ಹಣ್ಣು ಹಂಪಲು ಇಳಿದಿರಲಿಲ್ಲ. ಕೈಯಲ್ಲಿ ಹೊತ್ತಿದ್ದುದರಿಂದ ಅವರು ಹೋಟೆಲು ಬಿಟ್ಟು ಮನೆಯಲ್ಲೇ ಅಡುಗೆ ಮಾಡುತ್ತಿದ್ದರು, ಅಗ್ಗದ ಅಂಗಡಿ ಹುಡುಕುತ್ತಿದ್ದರು.

ಅದೇ ಪ್ರಬಂಧದಲ್ಲಿ ಇಬ್ಬರೂ ಕೆಲಸ ಕಳೆದುಕೊಂಡವರನ್ನೂ ನೋಡಿದರು. ಅವರ ಕೈಯಲ್ಲೂ ಹೊತ್ತು ಬೇಕಾದಷ್ಟಿತ್ತು. ಆದರೆ ಅವರ ವಿಷಯದಲ್ಲಿ ಬಿಲ್ಲಿನ ಜೊತೆ ತಟ್ಟೆಯೂ ಬಡವಾಗಿತ್ತು, ಮುಂದಿನ ವರ್ಷಗಳಲ್ಲಿ ಆ ಕೆಲಸದ ಜೊತೆ ಹೋಗಲಿದ್ದ ಗಳಿಕೆ ಎಷ್ಟೋ ಸರಿಸುಮಾರು ಅಷ್ಟೇ ಪ್ರಮಾಣದಲ್ಲಿ.